ಬೇರೆಯವರು ಮಾಡಿದ ಸ್ಲೈಡ್‌ಗಳಿಗೆ ನಾನು ಟಿಪ್ಪಣಿ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ಕಬ್ಬಿನ ಸಾಲು (ಮುಧೋಳ ತಾಲೂಕು), ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ರೈತರಿಗೆ ತರಬೇತಿ ಕೊಡುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಕಬ್ಬಿಗೆ ಡ್ರಿಪ್ ಹಾಕುವ ಬಗ್ಗೆ ನಮ್ಮಲ್ಲಿ ಒಂದು ಪಿಪಿಟಿ ಇದೆ, 24 ಸ್ಲೈಡ್. ಮಾಡಿದವರು ನಮ್ಮ ಹಿಂದಿನ ಸರ್, ಅವರು ಈಗ ಬೇರೆ ಜಿಲ್ಲೆಗೆ ಹೋಗಿದ್ದಾರೆ. ಬರುವ ಶನಿವಾರ ನಾನು ಅದನ್ನು ಹಿಡಿದುಕೊಂಡು 40 ನಿಮಿಷ ಮಾತಾಡಬೇಕು. ಕೇಳುವವರೆಲ್ಲ ಕಬ್ಬು ಬೆಳೆಯುವವರು, ನನಗಿಂತ ಜಾಸ್ತಿ ಗೊತ್ತಿರುವವರು.

ಪ್ರತಿ ಸ್ಲೈಡ್ ಕೆಳಗೆ ಟಿಪ್ಪಣಿ ಬರೆದುಕೊಳ್ಳೋಣ ಅಂತ ಕೂತೆ. ಮೂರು ಸ್ಲೈಡ್‌ಗೆ ಬರೆದು ಓದಿ ನೋಡಿದರೆ, ಸ್ಲೈಡ್‌ನಲ್ಲಿ ಇರುವುದನ್ನೇ ಉದ್ದ ಮಾಡಿ ಬರೆದಿದ್ದೇನೆ ಅಷ್ಟೇ. ಸ್ಲೈಡ್‌ನಲ್ಲಿ "ನೀರಿನ ಉಳಿತಾಯ" ಅಂತ ಇದ್ದರೆ ನಾನು "ಡ್ರಿಪ್‌ನಿಂದ ನೀರು ಉಳಿಯುತ್ತದೆ" ಅಂತ ಬರೆದಿದ್ದೇನೆ. ಇದು ಯಾರಿಗೆ ಬೇಕು? ಸರ್ ಆ ಸ್ಲೈಡ್ ತೋರಿಸಿ ನಿಜಕ್ಕೂ ಏನು ಹೇಳುತ್ತಿದ್ದರು ಅನ್ನುವುದೇ ನನಗೆ ಗೊತ್ತಿಲ್ಲ. ಇಂಥ ಕೆಲಸ ಮಾಡಿದವರು ಇದ್ದರೆ ಹೇಳಿ.

ಪ್ರಾಧ್ಯಾಪಕ ವಿಜಯಪುರ

ಮೇಡಂ, ಒಂದೇ ದಾರಿ. ಏನು ಹೇಳಬೇಕೋ ಅದನ್ನು ಪೂರ್ತಿ ಬರೆಯಿರಿ. ಒಂದು ಪದವನ್ನೂ ಬಿಡಬೇಡಿ. ನಾನು ಹೊಸ ಪಾಠಕ್ಕೆ ಹೋಗುವಾಗ ಇವತ್ತಿಗೂ ಹಾಗೇ ಮಾಡುತ್ತೇನೆ. ಬರೆದದ್ದು ಕಣ್ಣ ಮುಂದೆ ಇದ್ದರೆ ಬಾಯಿ ತಡವರಿಸುವುದಿಲ್ಲ. 24 ಸ್ಲೈಡ್, 40 ನಿಮಿಷ ಅಂದರೆ ಒಂದಕ್ಕೆ ಒಂದೂವರೆ ನಿಮಿಷದ ಮೇಲೆ ಸ್ವಲ್ಪ. ಅಷ್ಟಕ್ಕೆ ಅಳೆದು ಬರೆದರೆ ಆಯಿತು.

ನೀಟ್ ಸ್ಲೈಡ್

24 ಸ್ಲೈಡ್ ಜಾಸ್ತಿ ಆಯಿತು. 12ಕ್ಕೆ ಇಳಿಸಿ. ಅಕ್ಷರ ಕಡಿಮೆ ಮಾಡಿ, ಫೋಟೋ ದೊಡ್ಡದು ಮಾಡಿ, ಹಸಿರು ಬಣ್ಣದ ಹಿನ್ನೆಲೆ ತೆಗೆಯಿರಿ, ಬಿಸಿಲಲ್ಲಿ ಪರದೆ ಮೇಲೆ ಕಾಣುವುದಿಲ್ಲ.

ಕಬ್ಬಿನ ಸಾಲು

ನೀಟ್ ಸ್ಲೈಡ್ ಅವರೇ, ಸ್ಲೈಡ್ ಬದಲಿಸಲು ನನಗೆ ಅನುಮತಿ ಇಲ್ಲ. ಇದೇ ಪಿಪಿಟಿಯನ್ನು ಬೇರೆ ತಾಲೂಕಿನವರೂ ಬಳಸುತ್ತಾರೆ. ಟಿಪ್ಪಣಿ ಮಾತ್ರ ನನ್ನ ಕೈಯಲ್ಲಿದೆ. ಬೇಕಾದರೆ ಒಂದೆರಡನ್ನು ತೋರಿಸದೆ ಬಿಡಬಹುದು ಅಂದಿದ್ದಾರೆ.

ಹಳೇ ಟ್ರೇನರ್ (ಬೆಳಗಾವಿ)

ತಂಗಿ, ಮೊದಲು ಬರೆಯುವುದನ್ನು ನಿಲ್ಲಿಸು. ಬೇರೆಯವರ ಸ್ಲೈಡ್ ಕೈಗೆ ಬಂದಾಗ ಟಿಪ್ಪಣಿ ಬರೆಯುವುದು ಎರಡನೇ ಕೆಲಸ. ಮೊದಲನೆಯದು, ಆ ಮನುಷ್ಯ ಈ ಸ್ಲೈಡನ್ನು ಯಾಕೆ ಇಟ್ಟ ಅಂತ ಹುಡುಕುವುದು. ನಾನು ಹದಿನೈದು ವರ್ಷ ಬೇರೆಯವರ ಸ್ಲೈಡ್ ಹಿಡಿದುಕೊಂಡೇ ತರಬೇತಿ ಕೊಟ್ಟಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಇವತ್ತು ರಾತ್ರಿ ಒಂದು ಕೆಲಸ ಮಾಡು. ಪೂರ್ತಿ ಪರದೆಯಲ್ಲಿ ಶೋ ಹಾಕಿ, ಮೊದಲಿನಿಂದ ಕೊನೆವರೆಗೆ ಸುಮ್ನೆ ಒತ್ತುತ್ತಾ ಹೋಗು. ಎಡಿಟ್ ಮಾಡುವ ಪರದೆಯಲ್ಲಿ ನೋಡಿದರೆ ಆಗುವುದಿಲ್ಲ, ಅಲ್ಲಿ ಒಂದರ ಮೇಲೊಂದು ಚಿತ್ರ ಕೂತಿರುತ್ತದೆ. ಎಷ್ಟು ಸಲ ಒತ್ತಿದರೆ ಏನು ಬರುತ್ತದೆ ಅನ್ನುವುದು ಶೋನಲ್ಲೇ ತಿಳಿಯುವುದು. ಒಂದು ಕಾಗದದಲ್ಲಿ ಸ್ಲೈಡ್ ನಂಬರ್ ಬರೆದು, ಪಕ್ಕದಲ್ಲಿ ಒಂದೇ ಒಂದು ವಾಕ್ಯ ಬರಿ: "ಈ ಸ್ಲೈಡ್ ನೋಡಿದ ಮೇಲೆ ರೈತ ಏನನ್ನು ನಂಬಬೇಕು?" ವಾಕ್ಯ ಬರೆಯಲು ಆಗದಿದ್ದರೆ ಅಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗು. ನಾಳೆ ಬಂದು ಎಷ್ಟು ಪ್ರಶ್ನೆ ಚಿಹ್ನೆ ಬಂದವು ಅಂತ ಇಲ್ಲಿ ಹಾಕು. ಆಮೇಲೆ ಮಾತಾಡೋಣ.

ಹಳೆಯ ಟಿಪ್ಪಣಿ ಏನಾದರೂ ಉಳಿದಿದೆಯಾ ನೋಡಿದೆಯಾ? ಕೆಳಗಿನ ಪಟ್ಟಿ ಮುಚ್ಚಿರುತ್ತದೆ, ಎಷ್ಟೋ ಜನ ತೆರೆದೇ ನೋಡುವುದಿಲ್ಲ. `View` ಒಳಗೆ `Notes Page` ಅಂತ ಇದೆ, ಅದರಲ್ಲಿ ಒಂದೊಂದೇ ಪುಟ ನೋಡು.

ದವಾಖಾನಿ ಸಿಬ್ಬಂದಿ (ವಿಜಯಪುರ)

ಹಳೇ ಟಿಪ್ಪಣಿ ವಿಷಯ ಬಂತು ಅಂತ ನನ್ನದು ಹೇಳುತ್ತೇನೆ. ನಾನು ಇನ್ನೊಬ್ಬರ ಪಿಪಿಟಿ ಇಟ್ಟುಕೊಂಡು ಆಶಾ ಕಾರ್ಯಕರ್ತೆಯರಿಗೆ ಕೈ ತೊಳೆಯುವ ಬಗ್ಗೆ ಹೇಳಲು ಹೋಗಿದ್ದೆ. ಅದರಲ್ಲಿ ಟಿಪ್ಪಣಿ ಇತ್ತು, ಸಂತೋಷದಿಂದ ಅದನ್ನೇ ನೋಡಿ ಹೇಳುತ್ತಾ ಹೋದೆ. ಒಂದು ಕಡೆ "ಇಲ್ಲಿ ನಮ್ಮ ವಾರ್ಡಿನ ಆ ಘಟನೆ ಹೇಳುವುದು" ಅಂತ ಇತ್ತು. ಯಾವ ಘಟನೆ? ನನಗೆ ಗೊತ್ತಿಲ್ಲ. ಅರ್ಧ ನಿಮಿಷ ಹಾಗೇ ನಿಂತುಬಿಟ್ಟೆ. ಎದುರಿಗೆ ಮೂವತ್ತು ಹೆಂಗಸರು. ಆವತ್ತು ಬೆವರಿದ್ದು ಇನ್ನೂ ನೆನಪಿದೆ. ಹಳೆಯ ಟಿಪ್ಪಣಿ ಇದ್ದರೆ ಅದು ಅವರ ನೆನಪಿಗೆ ಬರೆದದ್ದು, ನಮಗಲ್ಲ. ಅಳಿಸಿಬಿಡಿ ಅಕ್ಕ.

ಹಳೇ ಟ್ರೇನರ್

ಅಳಿಸಬಾರದು. ಓದಬೇಕು, ಆದರೆ ಅದನ್ನೇ ನೋಡಿ ಹೇಳಬಾರದು. "ಆ ಘಟನೆ" ಅಂತ ಇದ್ದದ್ದೇ ಒಂದು ಸುಳಿವು. ಈ ಜಾಗದಲ್ಲಿ ಒಂದು ಕಥೆ ಬೇಕು ಅಂತ ಅವರಿಗೆ ಅನ್ನಿಸಿತ್ತು, ಅಲ್ವಾ? ನೀವು ಅಲ್ಲಿ ನಿಮ್ಮ ಕಥೆ ಇಡಬೇಕಿತ್ತು.

ಕಬ್ಬಿನ ಸಾಲು, ಮಂಗಳವಾರ ಸಂಜೆ

ಮಾಡಿದೆ ಸರ್. 24ರಲ್ಲಿ 7 ಪ್ರಶ್ನೆ ಚಿಹ್ನೆ.

ಹಳೆಯ ಟಿಪ್ಪಣಿಯೂ ಸಿಕ್ಕಿತು, ಐದು ಸ್ಲೈಡ್‌ಗೆ. ಆದರೆ ಓದಲು ಬರುತ್ತಿಲ್ಲ. ಎಲ್ಲ `PÀ§Äâ` ಅಂತ ಈ ಥರ ಕಾಣುತ್ತದೆ. ಫೈಲ್ ಕೆಟ್ಟಿದೆಯಾ?

ಏಳರಲ್ಲಿ ಎರಡು ನನಗೆ ತುಂಬಾ ಭಯ ಹುಟ್ಟಿಸಿವೆ. ಒಂದು 9ನೇ ಸ್ಲೈಡ್. ಎರಡು ಕಂಬ ಇರುವ ಚಾರ್ಟ್, ಹಾಯಿ ನೀರು ಅಂತ ಒಂದು ಉದ್ದ ಕಂಬ, ಡ್ರಿಪ್ ಅಂತ ಒಂದು ಗಿಡ್ಡ ಕಂಬ, ಮೇಲೆ "ಶೇ. 40 ಉಳಿತಾಯ". ಕಂಬದ ಪಕ್ಕ ಲೀಟರ್ ಅಂತಾನೂ ಇಲ್ಲ, ಇಂಚು ಅಂತಾನೂ ಇಲ್ಲ. ಇನ್ನೊಂದು 11. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು, "ಡ್ರಿಪ್ ದಿನಕ್ಕೆ 2 ಗಂಟೆ ಬಿಡಿ". ಯಾಕೆ ಎರಡು? ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಪ್ರಾಧ್ಯಾಪಕ ವಿಜಯಪುರ

ಫೈಲ್ ಕೆಟ್ಟಿಲ್ಲ ಮೇಡಂ. ಅದು ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು, ಯುನಿಕೋಡ್ ಅಲ್ಲ. ಸ್ಲೈಡ್ ಮೇಲೆ ಫಾಂಟ್ ಹಾಕಿರುವುದರಿಂದ ಕನ್ನಡ ಕಾಣುತ್ತದೆ, ಟಿಪ್ಪಣಿ ಜಾಗದಲ್ಲಿ ಫಾಂಟ್ ತೋರಿಸುವುದಿಲ್ಲ, ಅದಕ್ಕೆ ಹಾಗೆ ಕಾಣುತ್ತದೆ. ಆ ಅಕ್ಷರ ಕಾಪಿ ಮಾಡಿ ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಓದಲು ಬರುತ್ತದೆ. ನೀವು ಹೊಸದಾಗಿ ಬರೆಯುವುದನ್ನು ಮಾತ್ರ ಯುನಿಕೋಡಿನಲ್ಲೇ ಬರೆಯಿರಿ. ನುಡಿ ಹಳೆಯ ಫಾಂಟಿನಲ್ಲಿ ಬರೆದರೆ ವೇದಿಕೆ ಮೇಲೆ ಲ್ಯಾಪ್‌ಟಾಪ್ ನೋಡಿದಾಗ ನಿಮ್ಮದೂ ಹಾಗೇ ಕಾಣುತ್ತದೆ.

ಹಳೇ ಟ್ರೇನರ್

ಇದು ಸರಿಯಾದ ಮಾತು ಪ್ರಾಧ್ಯಾಪಕರೇ. ನನಗೂ ಒಮ್ಮೆ ಹಾಗೆ ಆಗಿತ್ತು.

ತಂಗಿ, 9ನೇ ಸ್ಲೈಡ್ ಚಾರ್ಟಿನ ಮೇಲೆ ಬಲಗಡೆ ಗುಂಡಿ ಒತ್ತಿ ನೋಡು. `Edit Data` ಅಂತ ಬಂದರೆ ಅದನ್ನು ತೆರೆ. ಚಾರ್ಟ್ ಹಿಂದೆ ಇರುವ ಕೋಷ್ಟಕ ಕಾಣುತ್ತದೆ. ಅದರಲ್ಲಿ ಏನಿದೆ ಅಂತ ಇಲ್ಲಿ ಹಾಕು. ಆ ಮಾತು ಬರಲೇ ಇಲ್ಲ ಅಂದರೆ ಅದು ಬರೀ ಚಿತ್ರ, ಎಲ್ಲಿಂದಲೋ ಅಂಟಿಸಿದ್ದು.

ಕಬ್ಬಿನ ಸಾಲು

ಬಂತು. ಕೋಷ್ಟಕದಲ್ಲಿ ಎರಡೇ ಅಂಕಿ ಇವೆ. 100 ಮತ್ತು 60. ಅಷ್ಟೇ.

ಹಳೇ ಟ್ರೇನರ್

ಸಿಕ್ಕಿತು ನೋಡು. ಯಾವ ಹೊಲದಲ್ಲೂ ಅಳೆದ ಅಂಕಿ ಅಲ್ಲ ಅದು. ಅಳೆದಿದ್ದರೆ ಇಷ್ಟು ಗುಂಡಗೆ 100 ಬರುತ್ತಿರಲಿಲ್ಲ. "40 ಉಳಿಯುತ್ತದೆ" ಅನ್ನುವ ಮಾತು ಮೊದಲು ಇತ್ತು, ಅದನ್ನು ತೋರಿಸಲು ಆಮೇಲೆ ಕಂಬ ಎಬ್ಬಿಸಿದ್ದಾರೆ. ಇದರಲ್ಲಿ ಮೋಸ ಇಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಟಿಪ್ಪಣಿ ಬರೆಯುವವಳಿಗೆ ಇದು ಗೊತ್ತಿರಬೇಕು. ಯಾಕೆಂದರೆ ಆ ಕಂಬ ನೋಡಿ ಯಾರಾದರೂ "ಯಾವ ಊರಲ್ಲಿ ಅಳೆದಿದ್ದು?" ಅಂತ ಕೇಳೇ ಕೇಳುತ್ತಾರೆ.

ಹಿಂದಿನ ಸರ್‌ಗೆ ಫೋನ್ ಮಾಡು. ಆದರೆ "ಸ್ಲೈಡ್ ಬಗ್ಗೆ ಹೇಳಿ ಸರ್" ಅಂತ ಕೇಳಬೇಡ, ಅವರು ಅರ್ಧ ಗಂಟೆ ಮಾತಾಡಿ ನಿನಗೆ ಬೇಕಾದ್ದನ್ನು ಹೇಳದೆ ಬಿಡುತ್ತಾರೆ. ಮೂರೇ ಪ್ರಶ್ನೆ ಕೇಳು. ಈ 40 ಎಲ್ಲಿಂದ ಬಂತು. ಈ 2 ಗಂಟೆ ಯಾವ ಲೆಕ್ಕದ ಮೇಲೆ. ಜನ ನಿಮ್ಮನ್ನು ಯಾವ ಸ್ಲೈಡಿನಲ್ಲಿ ತಡೆದು ಪ್ರಶ್ನೆ ಕೇಳುತ್ತಿದ್ದರು. ಈ ಮೂರನೆಯದು ಎಲ್ಲಕ್ಕಿಂತ ಮುಖ್ಯ, ಅದು ಯಾವ ಸ್ಲೈಡಿನಲ್ಲೂ ಬರೆದಿರುವುದಿಲ್ಲ.

ತೋಟದ ಮನಿ (ಜಮಖಂಡಿ)

ನಾನು ಟ್ರೇನರ್ ಅಲ್ಲ, ಆರು ಎಕರೆ ಕಬ್ಬು ಇದೆ, ನಾಲ್ಕು ಎಕರೆಗೆ ಡ್ರಿಪ್ ಇದೆ. ಪಿಪಿಟಿ ಮುಂದೆ ಕೂತು ಕೇಳಿದವನು ಅಂತ ಹೇಳುತ್ತೇನೆ ತಂಗಿ.

ನಿಮ್ಮ 11ನೇ ಸ್ಲೈಡ್ ನನ್ನ ಮುಂದೆ ಹಾಕಿದ್ದರೆ ನಾನೇ ಎದ್ದು ಕೇಳುತ್ತಿದ್ದೆ. ಎರಡು ಗಂಟೆ ಅಂದರೆ ಯಾವ ಡ್ರಿಪ್ಪರಿಗೆ? ಗಂಟೆಗೆ 2 ಲೀಟರ್ ಬಿಡುವುದೂ ಇದೆ, 4 ಲೀಟರ್ ಬಿಡುವುದೂ ಇದೆ. ನನ್ನ ಹೊಲದಲ್ಲಿ ಪೈಪಿನಿಂದ ಪೈಪಿಗೆ 5 ಅಡಿ, ಡ್ರಿಪ್ಪರಿನಿಂದ ಡ್ರಿಪ್ಪರಿಗೆ 40 ಸೆಂಟಿಮೀಟರ್, ಡ್ರಿಪ್ಪರ್ 2 ಲೀಟರಿನದು. ಒಂದು ಡ್ರಿಪ್ಪರ್ ಪಾಲಿಗೆ ಒಂದೂವರೆ ಮೀಟರ್ ಅಗಲ, 0.4 ಮೀಟರ್ ಉದ್ದದ ನೆಲ ಬರುತ್ತದೆ, ಅಂದರೆ 0.6 ಚದರ ಮೀಟರ್. ಅಷ್ಟು ನೆಲಕ್ಕೆ ಗಂಟೆಗೆ 2 ಲೀಟರ್ ಬಿದ್ದರೆ ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಮಳೆ ಬಂದ ಹಾಗೆ. ಎರಡು ಗಂಟೆಗೆ ಆರೂವರೆ ಮಿಲಿಮೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಎದೆಮಟ್ಟ ಬೆಳೆದ ಕಬ್ಬಿಗೆ ಅದು ಹೆಚ್ಚೂ ಕಡಿಮೆ ಸರಿ. ಅದೇ ಎಳೆ ಕಬ್ಬಿಗೆ ಜಾಸ್ತಿ. 4 ಲೀಟರ್ ಡ್ರಿಪ್ಪರ್ ಇದ್ದವರು ಎರಡು ಗಂಟೆ ಬಿಟ್ಟರೆ ನೀರು ದುಪ್ಪಟ್ಟು ಹೋಗುತ್ತದೆ, ನಮ್ಮ ಎರೆ ಹೊಲದಲ್ಲಿ ಬುಡ ಕೊಚ್ಚೆ ಆಗುತ್ತದೆ.

ನಿಮ್ಮ ಸರ್ 2 ಗಂಟೆ ಅಂದದ್ದು ತಪ್ಪಲ್ಲ. ಯಾವ ಹೊಲಕ್ಕೆ ಅಂತ ಹೇಳದೆ ಬಿಟ್ಟಿದ್ದಾರೆ, ಅಷ್ಟೇ.

ಹಳೇ ಟ್ರೇನರ್

ತೋಟದ ಮನಿ ಅಣ್ಣಾ, ಇದನ್ನು ನೀವು ಹೇಳಿದ್ದು ಬಹಳ ಒಳ್ಳೆಯದಾಯಿತು.

ತಂಗಿ, 11ಕ್ಕೆ ಟಿಪ್ಪಣಿ ಅಂದರೆ ಇದೇ ನೋಡು. ಸ್ಲೈಡ್ ಹೇಳುವ ಮಾತನ್ನು ಮತ್ತೆ ಬರೆಯುವುದಲ್ಲ. ಸ್ಲೈಡ್ ಬಾಯಿ ಬಿಡದೆ ಇಟ್ಟುಕೊಂಡಿರುವ ಷರತ್ತನ್ನು ಬರೆಯುವುದು. ಮಾಡಿದವರಿಗೆ ಆ ಷರತ್ತು ತಲೆಯಲ್ಲಿ ಇತ್ತು, ಅದಕ್ಕೆ ಬರೆಯಲಿಲ್ಲ. ನಿನ್ನ ತಲೆಯಲ್ಲಿ ಇಲ್ಲ, ಅದಕ್ಕೆ ಬರೆದುಕೋ.

ಹೊಸಬ 2

ಟಿಪ್ಪಣಿ ಅಂದರೆ ರೈತರಿಗೆ ಹಂಚುವ ಹಾಳೆ ಅಲ್ವಾ? ಅದರಲ್ಲಿ ಇಷ್ಟೆಲ್ಲ ಬೇಕಾ? ಸ್ಲೈಡ್ ಪ್ರಿಂಟ್ ತೆಗೆದು ಕೊಟ್ಟರೆ ಸಾಕು.

ದವಾಖಾನಿ ಸಿಬ್ಬಂದಿ

ಅಲ್ಲ ರೀ, ಇದು ಮಾತಾಡುವವರು ಮಾತ್ರ ನೋಡುವುದು. ಪರದೆ ಮೇಲೆ ಸ್ಲೈಡ್ ಇರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಟಿಪ್ಪಣಿ ಇರುತ್ತದೆ. ಆದರೆ ಒಂದು ಮಾತು, ಫೈಲ್ ಯಾರಿಗಾದರೂ ಕಳಿಸಿದರೆ ಟಿಪ್ಪಣಿಯೂ ಜೊತೆಗೆ ಹೋಗುತ್ತದೆ. ಅಕ್ಕ, "ಹಿಂದಿನ ಸರ್ ಅಂಕಿ ಸರಿಯಿಲ್ಲ" ಅಂತೆಲ್ಲ ಅದರಲ್ಲಿ ಬರೆಯಬೇಡಿ. ರೈತರು ಪಿಪಿಟಿ ವಾಟ್ಸಾಪಿನಲ್ಲಿ ಕೇಳಿದರೆ ಪಿಡಿಎಫ್ ಮಾಡಿ, ಬರೀ ಸ್ಲೈಡ್ ಕಳಿಸಿ.

ಕಬ್ಬಿನ ಸಾಲು, ಬುಧವಾರ

ಸರ್ ಜೊತೆ ಮಾತಾಡಿದೆ. ಹತ್ತೇ ನಿಮಿಷದಲ್ಲಿ ಮುಗಿಯಿತು. 40 ಅನ್ನುವುದು ಡ್ರಿಪ್ ಮಾರುವವರ ಹಳೆಯ ಒಂದು ಕರಪತ್ರದಿಂದ ತೆಗೆದದ್ದಂತೆ, ಈಗ ಅದು ಅವರ ಹತ್ತಿರ ಇಲ್ಲ. 2 ಗಂಟೆ ಅನ್ನುವುದು ಅವರು ಆಗ ನೋಡಿಕೊಳ್ಳುತ್ತಿದ್ದ ಹೊಲಗಳಿಗೆ, ಎಲ್ಲ 2 ಲೀಟರ್ ಡ್ರಿಪ್ಪರ್. ಅಣ್ಣ ಹೇಳಿದ ಹಾಗೇ. ಮೂರನೆಯ ಪ್ರಶ್ನೆಗೆ ಅವರು ನಕ್ಕು, "16ರಲ್ಲಿ, ಅಲ್ಲಿ ಯಾವಾಗಲೂ ಹದಿನೈದು ನಿಮಿಷ ಹೋಗುತ್ತಿತ್ತು" ಅಂದರು. 16 ಅಂದರೆ ಫಿಲ್ಟರ್ ತೊಳೆಯುವ ಸ್ಲೈಡ್. ನಾನು ಅದಕ್ಕೆ ಒಂದು ನಿಮಿಷ ಇಟ್ಟಿದ್ದೆ!

ಹಳೆಯ ಟಿಪ್ಪಣಿಯನ್ನೂ ಬದಲಿಸಿ ಓದಿದೆ. 16ಕ್ಕೆ ಒಂದೇ ಸಾಲು ಇತ್ತು, "ಕೊಡ ತರುವುದು". ಅದೂ ಗೊತ್ತಾಯಿತು. ಅವರು ಫಿಲ್ಟರಿನಿಂದ ಬಂದ ಕೊಳಕು ನೀರನ್ನು ಒಂದು ಕೊಡದಲ್ಲಿ ಹಿಡಿದು ತಂದು ತೋರಿಸುತ್ತಿದ್ದರಂತೆ.

11ಕ್ಕೆ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

> ಸ್ಲೈಡ್ ತೋರಿಸುವ ಮೊದಲೇ ಕೇಳು: "ನಿಮ್ಮ ಡ್ರಿಪ್ಪರ್ ಗಂಟೆಗೆ ಎಷ್ಟು ಲೀಟರ್ ಬಿಡುತ್ತದೆ?" ಎರಡು ಅಂದವರು ಕೈ ಎತ್ತಲಿ, ನಾಲ್ಕು ಅಂದವರು ಎತ್ತಲಿ.
> [ಒತ್ತು]
> ಈ 2 ಗಂಟೆ, 2 ಲೀಟರ್ ಡ್ರಿಪ್ಪರಿಗೆ, 5 ಅಡಿ ಸಾಲಿಗೆ, ಬೆಳೆದ ಕಬ್ಬಿಗೆ, ಬೇಸಿಗೆಗೆ. 4 ಲೀಟರ್ ಇದ್ದವರು 1 ಗಂಟೆ.
> ಯಾಕೆ ಅಂತ ಕೇಳಿದರೆ: ಗಂಟೆಗೆ 3 ಮಿ.ಮೀ. ಮಳೆ ಬಂದಷ್ಟು.
> ಮುಂದಕ್ಕೆ: "ಹಾಗಾದರೆ ನಿಮ್ಮ ಡ್ರಿಪ್ಪರ್ ನಿಜಕ್ಕೂ 2 ಲೀಟರ್ ಬಿಡುತ್ತಿದೆಯಾ?"

ತೋಟದ ಮನಿ

ಆ ಕೊನೆಯ ಸಾಲಿಗೆ ಉತ್ತರ ನನ್ನ ಹತ್ತಿರ ಇದೆ ತಂಗಿ. ಡ್ರಿಪ್ಪರ್ ಕೆಳಗೆ ಸ್ವಲ್ಪ ತೋಡಿ ಒಂದು ಲೋಟ ಇಡಿ. ಆರು ನಿಮಿಷ ಬಿಡಿ. 200 ಮಿಲಿ ತುಂಬಿದರೆ ಗಂಟೆಗೆ 2 ಲೀಟರ್. ಪೈಪಿನ ಶುರುವಿನಲ್ಲಿ ಒಂದು ಕಡೆ, ಕೊನೆಯಲ್ಲಿ ಒಂದು ಕಡೆ ಇಟ್ಟು ನೋಡಿ. ನನ್ನ ಹೊಲದಲ್ಲಿ ಕೊನೆಯ ಲೋಟ 120 ಬಂದಿತ್ತು ಒಂದು ಸಲ. ಕಟ್ಟಿಕೊಂಡಿತ್ತು. ಆಗ 2 ಗಂಟೆ ಅನ್ನುವ ಲೆಕ್ಕಕ್ಕೇ ಅರ್ಥ ಇಲ್ಲ. ಇದನ್ನು ಹೇಳಿ, ನಿಮ್ಮ 16ನೇ ಸ್ಲೈಡಿಗೆ ಜನ ತಾನಾಗೇ ಬರುತ್ತಾರೆ.

ಹಳೇ ಟ್ರೇನರ್

ಈಗ ಎರಡು ಸ್ಲೈಡ್‌ಗೆ ಕೊಂಡಿ ಸಿಕ್ಕಿತು ನೋಡು. ಮಾಡಿದವರ ತಲೆಯಲ್ಲಿ ಇದು ಇದ್ದೇ ಇರುತ್ತದೆ, ಸ್ಲೈಡ್‌ನಲ್ಲಿ ಇರುವುದಿಲ್ಲ. ಅದಕ್ಕೇ ಬೇರೆಯವರ ಪಿಪಿಟಿ ಹೇಳುವಾಗ ಎಲ್ಲರೂ "ಮುಂದಿನ ಸ್ಲೈಡ್" ಅನ್ನುತ್ತಾರೆ. ಪ್ರತಿ ಟಿಪ್ಪಣಿಯ ಕೊನೆಗೆ ಮುಂದಿನದಕ್ಕೆ ಹೋಗುವ ಒಂದು ಮಾತು ಬರಿ, ಅದನ್ನು ಮಾತ್ರ ಪೂರ್ತಿ ವಾಕ್ಯದಲ್ಲಿ ಬರಿ.

ಪ್ರಾಧ್ಯಾಪಕರೇ, ನೀವು ಪೂರ್ತಿ ಬರೆಯಿರಿ ಅಂದದ್ದು ಮೊದಲ ಸ್ಲೈಡಿಗೆ ನಾನೂ ಒಪ್ಪುತ್ತೇನೆ, ಅಲ್ಲಿ ಬಾಯಿ ಒಣಗಿರುತ್ತದೆ. ಆದರೆ 24ಕ್ಕೂ ಪೂರ್ತಿ ಬರೆದರೆ ತಂಗಿ ಲ್ಯಾಪ್‌ಟಾಪ್ ನೋಡಿ ಓದುತ್ತಾಳೆ, ರೈತರು ಅವಳ ತಲೆ ನೋಡುತ್ತಾ ಕೂರುತ್ತಾರೆ. ಒಬ್ಬರು ನಡುವೆ ಪ್ರಶ್ನೆ ಕೇಳಿದರೆ ಎಲ್ಲಿ ಬಿಟ್ಟೆ ಅಂತ ಸಾಲು ಸಿಗುವುದಿಲ್ಲ.

ಪ್ರಾಧ್ಯಾಪಕ ವಿಜಯಪುರ

ನಾನು ಪೂರ್ತಿ ಬರೆಯಬೇಕು ಅಂದದ್ದು ಓದಲಿಕ್ಕಲ್ಲ ಸರ್. ಬರೆಯುವಾಗಲೇ ಎಲ್ಲಿ ಗೊತ್ತಿಲ್ಲ ಅನ್ನುವುದು ತಿಳಿಯುತ್ತದೆ. ಬರೆದು ಮುಗಿದ ಮೇಲೆ ಕಡಿಮೆ ಮಾಡಲಿ, ಅದಕ್ಕೆ ನನ್ನ ಅಡ್ಡಿ ಇಲ್ಲ. ಗೊತ್ತಿಲ್ಲದ ವಿಷಯಕ್ಕೆ ನೇರವಾಗಿ ನಾಲ್ಕು ಪದ ಬರೆದುಕೊಂಡರೆ, ವೇದಿಕೆ ಮೇಲೆ ಆ ನಾಲ್ಕು ಪದ ಏನು ಅಂತಲೇ ಮರೆತುಹೋಗುತ್ತದೆ. ಇದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಕಬ್ಬಿನ ಸಾಲು

ಇಬ್ಬರ ಮಾತೂ ನನಗೆ ಕೆಲಸಕ್ಕೆ ಬಂದಿದೆ. 11 ಮತ್ತು 16ನ್ನು ಮೊದಲು ಪೂರ್ತಿ ಬರೆದೆ, ಆಮೇಲೆ ಇಳಿಸಿದೆ. ಮೊಬೈಲಿನಲ್ಲಿ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡಿದೆ, ನನಗೆ ನಿಮಿಷಕ್ಕೆ 90 ಪದದ ಹತ್ತಿರ ಬರುತ್ತದೆ. 16ಕ್ಕೆ 8 ನಿಮಿಷ ಕೊಟ್ಟೆ. ಅದಕ್ಕೆ 3, 4, 5ನೇ ಸ್ಲೈಡ್, ಡ್ರಿಪ್ ಅಂದರೇನು ಅನ್ನುವವು, ಮೂರನ್ನೂ ಸೇರಿಸಿ ಒಂದು ನಿಮಿಷಕ್ಕೆ ಇಳಿಸಿದ್ದೇನೆ. ಬರುವವರೆಲ್ಲ ಡ್ರಿಪ್ ನೋಡಿದವರೇ.

9 ಮಾತ್ರ ಏನು ಮಾಡಲಿ ಅಂತ ತಿಳಿಯುತ್ತಿಲ್ಲ.

ಹಳೇ ಟ್ರೇನರ್

9ನ್ನು ಮುಚ್ಚಿಬಿಡು. ಎಡಗಡೆ ಚಿಕ್ಕ ಚಿತ್ರದ ಮೇಲೆ ಬಲಗುಂಡಿ ಒತ್ತಿ `Hide Slide`. ಅಳಿಸಿದ ಹಾಗಲ್ಲ, ಶೋನಲ್ಲಿ ಬರುವುದಿಲ್ಲ ಅಷ್ಟೇ. ಯಾರಾದರೂ ಕೇಳಿದರೆ 9 ಒತ್ತಿ ಎಂಟರ್ ಒತ್ತು, ಬರುತ್ತದೆ. ನೀನು ನಿಂತು ಸಮರ್ಥಿಸಲಾಗದ ಅಂಕಿಯನ್ನು ನೀನಾಗಿ ಎತ್ತಬಾರದು.

ತೋಟದ ಮನಿ

ನಾನು ಒಪ್ಪುವುದಿಲ್ಲ ಸರ್. 40 ಅಂತ ನಮಗೆ ಡ್ರಿಪ್ ಮಾರುವವರು ಹೇಳಿ ಹೇಳಿ ಕಿವಿ ತುಂಬಿದೆ. ನೀವು ಮುಚ್ಚಿದರೂ ಯಾರೋ ಒಬ್ಬ ಆ ಮಾತು ತೆಗೆಯುತ್ತಾನೆ. ಅದಕ್ಕಿಂತ ತೋರಿಸಿ, "ಇದು ಕರಪತ್ರದ ಅಂಕಿ, ನಮ್ಮ ಊರಲ್ಲಿ ಅಳೆದದ್ದಲ್ಲ, ನಿಮಗೆ ಎಷ್ಟು ಉಳಿದಿದೆ?" ಅಂತ ನೇರ ಕೇಳಲಿ. ಮೊದಲು ಒಂದು ಸಲ ಹೊಲ ತುಂಬಲು ಮೋಟರು ಎಷ್ಟು ತಾಸು ಓಡುತ್ತಿತ್ತು, ಈಗ ಎಷ್ಟು ತಾಸು ಅಂತ ಪ್ರತಿ ರೈತನಿಗೂ ಗೊತ್ತು.

ದವಾಖಾನಿ ಸಿಬ್ಬಂದಿ

ಹೊಸಬಳು ನಿಂತು ಮೊದಲ ಹತ್ತು ನಿಮಿಷದಲ್ಲೇ "ಈ ಅಂಕಿ ನನಗೆ ಗೊತ್ತಿಲ್ಲ" ಅಂದರೆ ಜನ ಉಳಿದದ್ದನ್ನೂ ನಂಬುವುದಿಲ್ಲ ಅಣ್ಣಾ. ನನಗೆ ಆಗಿದೆ. ನಾನು ಮುಚ್ಚುವ ಪರ.

ಕಬ್ಬಿನ ಸಾಲು, ಶನಿವಾರ ರಾತ್ರಿ

ಮುಗಿಸಿ ಬಂದೆ. 52 ನಿಮಿಷ ಆಯಿತು.

11ರಲ್ಲಿ ಕೈ ಎತ್ತಿ ಅಂದಾಗ ಅರ್ಧಕ್ಕಿಂತ ಜಾಸ್ತಿ ಜನ ಎತ್ತಲೇ ಇಲ್ಲ. ತಮ್ಮ ಡ್ರಿಪ್ಪರ್ ಎಷ್ಟರದು ಅಂತ ಅವರಿಗೂ ಗೊತ್ತಿರಲಿಲ್ಲ. ಲೋಟದ ಮಾತು ಹೇಳಿದ ಕೂಡಲೇ ಒಬ್ಬ ಅಜ್ಜ ಎದ್ದು ಪಕ್ಕದ ಹೊಲಕ್ಕೇ ಹೋಗೋಣ ಅಂದ. ಹೋದೆವು. ಚಹಾದ ಸ್ಟೀಲ್ ಲೋಟ ಇಟ್ಟು ಆರು ನಿಮಿಷ ಎಲ್ಲರೂ ಸುತ್ತ ನಿಂತೆವು. ಶುರುವಿನಲ್ಲಿ ಲೋಟ ತುಂಬಿ ಚೆಲ್ಲಿತು, ಕೊನೆಯ ಸಾಲಿನಲ್ಲಿ ಅರ್ಧಕ್ಕಿಂತ ಕಡಿಮೆ. ವಾಪಸ್ ಬಂದು ನೇರ 16ಕ್ಕೆ ಹೋದೆ. ಟಿಪ್ಪಣಿಯಲ್ಲಿ ಪ್ರತಿ ಸ್ಲೈಡಿನ ನಂಬರ್ ಮೇಲೇ ಬರೆದುಕೊಂಡಿದ್ದೆ, ಹಾರಿ ಹೋಗಲು ಕಷ್ಟ ಆಗಲಿಲ್ಲ.

9ನ್ನು ಮುಚ್ಚಿದ್ದೆ. ತೋಟದ ಮನಿ ಅಣ್ಣ ಹೇಳಿದ ಹಾಗೇ ಆಯಿತು, ಕೊನೆಯಲ್ಲಿ ಒಬ್ಬರು "ನಲವತ್ತು ಪರ್ಸೆಂಟ್ ಉಳಿಯುತ್ತದೆ ಅನ್ನುತ್ತಾರಲ್ಲ, ನೀವು ಅದನ್ನು ಹೇಳಲೇ ಇಲ್ಲ" ಅಂದರು. ಆಗ 9 ತೆಗೆದು ತೋರಿಸಿ, ಇದು ಎಲ್ಲಿಂದ ಬಂದದ್ದು ಅಂತ ಹೇಳಿದೆ. ಇಬ್ಬರು ತಮ್ಮ ಮೋಟರಿನ ತಾಸಿನ ಲೆಕ್ಕ ಹೇಳಿದರು, ಒಬ್ಬರದು ಅರ್ಧಕ್ಕೆ ಇಳಿದಿದೆ, ಇನ್ನೊಬ್ಬರದು ಏನೂ ಇಳಿದಿಲ್ಲ. ಎರಡನ್ನೂ ಆ ಸ್ಲೈಡಿನ ಟಿಪ್ಪಣಿಯಲ್ಲಿ ತಾರೀಖು ಹಾಕಿ ಬರೆದಿಟ್ಟೆ.

ಇನ್ನೊಂದು ಕೇಳಬೇಕಿತ್ತು. ಸೋಮವಾರ ಈ ಫೈಲನ್ನು ಬೀಳಗಿಯವರಿಗೆ ಕೊಡಬೇಕು. ನನ್ನ ಟಿಪ್ಪಣಿ ಇಟ್ಟೇ ಕೊಡಲಾ, ತೆಗೆದು ಕೊಡಲಾ?

ದವಾಖಾನಿ ಸಿಬ್ಬಂದಿ

ತೆಗೆದು ಕೊಡಿ ಅಕ್ಕ. ಅವರೂ ನನ್ನ ಹಾಗೆ ನೋಡಿ ಓದಿಬಿಟ್ಟರೆ?

ಹಳೇ ಟ್ರೇನರ್

ಇಟ್ಟೇ ಕೊಡು. ಮೊದಲ ಸ್ಲೈಡಿನ ಟಿಪ್ಪಣಿಯಲ್ಲಿ ನಿನ್ನ ಫೋನ್ ನಂಬರ್ ಹಾಕು. "ಲೋಟ ತರುವುದು" ಅಂತ ಮಾತ್ರ ಬರೆದಿದ್ದರೆ, ಯಾಕೆ ಅಂತಾನೂ ಅದರ ಪಕ್ಕ ಬರೆದು ಕೊಡು.